ಹತ್ತು ಗ್ರಾಂ ತುಪ್ಪದಿಂದ ಒಂದು ಟನ್ ಆಮ್ಲಜನಕ ಬರುವುದೇ?



ನಿಮ್ಮಲ್ಲಿ ಅನೇಕರ ಮೊಬೈಲಿಗೆ ಒಂದು ಸಂದೇಶ ಬಂದಿರಬಹುದು. ಹೋಮಕುಂಡದಲ್ಲಿ ಬೆರಣಿ ಉರಿಯುತ್ತಿರುವ ಚಿತ್ರ, ಹಿಂದೆ ಗಂಭೀರವಾದ ಒಂದು ಧ್ವನಿ. ಹಸುವಿನ ತುಪ್ಪ ಹತ್ತು ಗ್ರಾಂ ತೆಗೆದುಕೊಂಡು ಅಕ್ಕಿಯೊಡನೆ ಬೆಂಕಿಗೆ ಹಾಕಿದರೆ ಒಂದು ಟನ್ ಆಮ್ಲಜನಕ ಹುಟ್ಟುತ್ತದೆಂದು ಆ ಧ್ವನಿ ಹೇಳುತ್ತದೆ. ಇದು ನಿಜವಲ್ಲ. ಯಾವ ಬೆಂಕಿಯೂ ಆಮ್ಲಜನಕವನ್ನು ಕೊಡುವುದಿಲ್ಲ. ಗಾಳಿಯಲ್ಲಿರುವುದನ್ನು ತೆಗೆದುಕೊಂಡೇ ಅದು ಉರಿಯುತ್ತದೆ. ಇದನ್ನು ಊರಿಗೆ ಹೇಳಲು ನಾವು ಕೆಲವರು ಸೇರಿ ಎಂಬತ್ತು ಸೆಕೆಂಡಿನ ಒಂದು ವಿಡಿಯೋ ಮಾಡಿದೆವು. ಅದನ್ನು ಹೇಗೆ ಮಾಡಿದೆವು, ಮೊದಲ ಸಲ ಎಲ್ಲಿ ಎಡವಿದೆವು ಎಂಬುದನ್ನು ನಿಮ್ಮ ಮುಂದಿಡುತ್ತೇನೆ.

ಇದು ಬರೀ ಹರಟೆಯ ವಿಷಯವಾಗಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಕಳೆದ ಚಳಿಗಾಲದಲ್ಲಿ ನನ್ನ ಸುತ್ತಿನ ಒಂದು ಹಳ್ಳಿಗೆ ಮಣ್ಣಿನ ಮಾದರಿ ತೆಗೆಯಲು ಹೋಗಿದ್ದೆ. ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಗೆ ಹಿಂದಿನ ರಾತ್ರಿಯಿಂದ ಉಬ್ಬಸ. ಮಗನಿಗೆ ತಾಯಿಯ ಮೇಲೆ ಪ್ರಾಣ. ಮೊಬೈಲಿನ ಮಾತು ನಂಬಿ ನಡುಮನೆಯ ಬಾಗಿಲು, ಕಿಟಕಿ ಮುಚ್ಚಿ, ಹುಟ್ಟಿದ ಆಮ್ಲಜನಕ ಹೊರಗೆ ಹೋಗಬಾರದೆಂದು ಸಂದಿಗೆ ಗೋಣಿತಾಟು ತುರುಕಿ, ಬೆರಣಿಗೆ ತುಪ್ಪ ಹಾಕಿ ಕೂತಿದ್ದ. ಒಳಗೆ ಹೋದರೆ ನನಗೇ ಕಣ್ಣು ಬಿಡಲಾಗಲಿಲ್ಲ. ಅಜ್ಜಿಯ ತುಟಿ ಕಪ್ಪಿಟ್ಟಿತ್ತು. ಎತ್ತಿ ಜಗಲಿಗೆ ತಂದು ಕೂರಿಸಿ 108ಕ್ಕೆ ಫೋನು ಮಾಡಿದೆವು. ಆಸ್ಪತ್ರೆಯಲ್ಲಿ ನಾಲ್ಕು ದಿನವಿದ್ದು ಬಂದರು. “ಅಮ್ಮಂಗೆ ಒಳ್ಳೇದಾಗ್ಲಿ ಅಂತ್ಲೇ ಮಾಡಿದ್ದು ಸಾರ್” ಎಂದು ಮಗ ತಲೆ ತಗ್ಗಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಬೆರಣಿಯ ಹೊಗೆಯಲ್ಲಿ ಶ್ವಾಸಕೋಶದ ಆಳಕ್ಕೆ ಇಳಿಯುವ ಸಣ್ಣ ಕಣಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಅರೆಬರೆ ಉರಿದರೆ ವಾಸನೆಯಿಲ್ಲದ ವಿಷಗಾಳಿ ಕಾರ್ಬನ್ ಮಾನಾಕ್ಸೈಡ್ ಕೂಡ ಸೇರಿಕೊಳ್ಳುತ್ತದೆ. ಉಬ್ಬಸದವರಿಗೆ ಇದು ಪ್ರಾಣದ ಮಾತು.

ಈಗ ಲೆಕ್ಕ ನೋಡೋಣ. ನೀವು ಒಂದು ಸೇರು ರಾಗಿ ಬಿತ್ತಿ ಅನೇಕ ಸೇರು ಬೆಳೆಯುತ್ತೀರಿ. ಆ ಹೆಚ್ಚಿನ ತೂಕ ಶೂನ್ಯದಿಂದ ಬಂದದ್ದಲ್ಲ. ನೀರು, ಗಾಳಿ, ನೆಲದ ಸಾರ ಸೇರಿ ಕಾಳಾಯಿತು. ಹಾಗೆಯೇ ಹತ್ತು ಗ್ರಾಂ ತುಪ್ಪ ಒಂದು ಟನ್ ಆಗಬೇಕಾದರೆ, ಅಂದರೆ ಲಕ್ಷ ಪಟ್ಟು ಬೆಳೆಯಬೇಕಾದರೆ, ಉಳಿದ ತೂಕ ಎಲ್ಲಿಂದಲಾದರೂ ಬರಬೇಕು. ಬೆಂಕಿಗೆ ಸಿಗುವುದು ಸುತ್ತಲಿನ ಗಾಳಿ ಮಾತ್ರ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಹತ್ತು ಅಡಿ ಎತ್ತರದ ಕೋಣೆಯಲ್ಲಿರುವ ಅಷ್ಟೂ ಗಾಳಿಯನ್ನು ತೂಗಿದರೆ ಸುಮಾರು 34 ಕಿಲೋ ಆಗುತ್ತದೆ. ಅದರಲ್ಲಿ ಆಮ್ಲಜನಕ ಸುಮಾರು 8 ಕಿಲೋ. ಇಡೀ ಕೋಣೆಯಲ್ಲಿರುವುದೇ ಎಂಟು ಕಿಲೋ ಆಗಿರುವಾಗ ಸಾವಿರ ಕಿಲೋ ಎಲ್ಲಿಂದ ಬಂದೀತು?

ನಿಜವಾಗಿ ಆಗುವುದು ಇದು. ಹತ್ತು ಗ್ರಾಂ ತುಪ್ಪ ಪೂರ್ತಿ ಉರಿಯಲು ಗಾಳಿಯಿಂದ ಸುಮಾರು 28 ಗ್ರಾಂ ಆಮ್ಲಜನಕವನ್ನು ತೆಗೆದುಕೊಳ್ಳುತ್ತದೆ. ಎರಡೂ ಸೇರಿ 38 ಗ್ರಾಂ. ಉರಿದ ಮೇಲೆ ಸುಮಾರು 27 ಗ್ರಾಂ ಇಂಗಾಲದ ಡೈಆಕ್ಸೈಡ್, 11 ಗ್ರಾಂ ನೀರಾವಿ ಆಗುತ್ತದೆ. ಕೂಡಿ ನೋಡಿ, ಅದೇ 38. ಹಸುರೆಲೆ ಬಿಸಿಲಿನಲ್ಲಿ ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ತೆಗೆದುಕೊಂಡು ಆಮ್ಲಜನಕವನ್ನು ಬಿಡುತ್ತದೆಂದು ನೀವು ಶಾಲೆಯಲ್ಲಿ ಓದಿದ್ದೀರಿ. ಬೆಂಕಿಯ ಕೆಲಸ ಅದರ ತಲೆಕೆಳಗು.

ಅದೇ ಸಂದೇಶದಲ್ಲಿ ಎಥಿಲೀನ್ ಆಕ್ಸೈಡ್, ಪ್ರೊಪಿಲೀನ್ ಆಕ್ಸೈಡ್ ಎಂಬ ಹೆಸರುಗಳೂ ಇವೆ. ಎರಡನೆಯದು ಮಳೆ ತರುತ್ತದಂತೆ. ಆಕ್ಸೈಡ್ ಎಂಬ ಪದ ಕೇಳಿದಾಗ ಆಕ್ಸಿಜನ್ ಸಿಕ್ಕಿತೆಂದು ಅನ್ನಿಸುವುದು ಸಹಜ. ಆದರೆ ಆಕ್ಸೈಡ್ ಎಂದರೆ ಬೇರೆ ವಸ್ತುವಿಗೆ ಕಟ್ಟಿಬಿದ್ದ ಆಮ್ಲಜನಕ, ಉಸಿರಿಗೆ ಸಿಗುವಂಥದಲ್ಲ. ಕಬ್ಬಿಣದ ತುಕ್ಕೂ ಒಂದು ಆಕ್ಸೈಡೇ. ಎಥಿಲೀನ್ ಆಕ್ಸೈಡ್ ಅಂತೂ ಆಸ್ಪತ್ರೆಯ ಸಾಮಾನುಗಳ ಕ್ರಿಮಿ ಕೊಲ್ಲಲು ಬಳಸುವ ವಿಷಾನಿಲ. ಅದು ಮನೆಯಲ್ಲಿ ಹುಟ್ಟದಿರಲೆಂದೇ ಬೇಡಿಕೊಳ್ಳಬೇಕು.

ವಿಡಿಯೋ ಮಾಡಲು ಹೊರಟಾಗ ನಮಗೆ ಹುರುಪು ಹೆಚ್ಚು, ತಿಳಿವಳಿಕೆ ಕಡಿಮೆ. ಮೊದಲ ವಿಡಿಯೋವನ್ನು ಆ ಸುಳ್ಳು ಸಂದೇಶದ ತುಣುಕಿನಿಂದಲೇ ಶುರುಮಾಡಿ, ಅದರ ಮೇಲೆ ದೊಡ್ಡ ಕೆಂಪು ಅಕ್ಷರದಲ್ಲಿ “ಶುದ್ಧ ಸುಳ್ಳು” ಎಂದು ಬರೆದೆವು. ಹಿಂದೆ ನಗೆಯ ಸದ್ದು ಬೇರೆ. ಹಾಲಿನ ಡೇರಿಯ ಹತ್ತಿರ ಮೂವರಿಗೆ ತೋರಿಸಿ, ಏನು ತಿಳಿಯಿತು ಹೇಳಿ ಎಂದು ಕೇಳಿದೆ. ಒಬ್ಬರು, “ಹೋಮ ಮಾಡಬಾರದು ಅಂತಲ್ವಾ?” ಎಂದರು. ಇನ್ನೊಬ್ಬರು, “ತುಪ್ಪದಿಂದ ಟನ್ ಆಕ್ಸಿಜನ್ ಬರುತ್ತಂತೆ” ಎಂದರು. ಮೂರನೆಯವರು ಅರ್ಧಕ್ಕೇ ಮುಖ ತಿರುಗಿಸಿದ್ದರು. ನಾವು ಹೇಳಹೊರಟದ್ದು ಒಬ್ಬರಿಗೂ ಮುಟ್ಟಿರಲಿಲ್ಲ. ಸುಳ್ಳನ್ನು ಮೊದಲು ಕೇಳಿಸಿದ್ದರಿಂದ ಅದೇ ನೆನಪಿನಲ್ಲಿ ನಿಂತಿತು. ನಗೆ ಕೇಳಿದವರಿಗೆ ತಮ್ಮ ದೇವರನ್ನೇ ಹಂಗಿಸಿದಂತಾಯಿತು. ಆ ವಿಡಿಯೋ ಅಳಿಸಿದೆವು.

ಎರಡನೆಯ ಸಲ ನಮ್ಮೂರ ದೇವಸ್ಥಾನದ ಜೋಯಿಸರ ಹತ್ತಿರ ಹೋದೆ. ಬೈಸಿಕೊಳ್ಳುವ ಸಿದ್ಧತೆಯಲ್ಲೇ ಹೋಗಿದ್ದೆ. ಅವರು ಸಂದೇಶವನ್ನು ಪೂರ್ತಿ ಕೇಳಿ, “ಆಹುತಿ ಕೊಡೋದು ದೇವತೆಗೆ ಕಣಪ್ಪಾ, ಗಾಳಿ ಮಾಡೋಕಲ್ಲ. ಇದನ್ನ ಯಾರು ಸೇರಿಸಿದರೋ” ಎಂದರು. ಯೋಚಿಸಿದರೆ ಅದು ಸರಿಯಾದ ಮಾತು. ವಿಜ್ಞಾನಿಗಳು ಆಮ್ಲಜನಕವನ್ನು ಬೇರ್ಪಡಿಸಿ ಗುರುತಿಸಿದ್ದೇ 1770ರ ದಶಕದಲ್ಲಿ. ಹೋಮ ಅದಕ್ಕಿಂತ ಎಷ್ಟೋ ಹಳೆಯದು. ಆ ಮಾತನ್ನು ವಿಡಿಯೋದಲ್ಲಿ ತಾವೇ ಹೇಳಲು ಜೋಯಿಸರು ಒಪ್ಪಿದರು. ನನ್ನ ಡಿಪ್ಲೊಮಾಕ್ಕಿಂತ ಅವರ ಒಂದು ಮಾತು ಹೆಚ್ಚು ಕೆಲಸ ಮಾಡಿತೆಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ತೋರಿಸಲು ಬೇಕಾದದ್ದು ಎರಡು ಮಣ್ಣಿನ ಹಣತೆ, ಒಂದೇ ಅಳತೆಯ ತುಪ್ಪ ಮತ್ತು ಬತ್ತಿ, ಅಗಲ ಬಾಯಿಯ ಒಂದು ಗಾಜಿನ ಜಾಡಿ. ಎರಡೂ ಹಣತೆ ಹಚ್ಚಿ ಒಂದರ ಮೇಲೆ ಜಾಡಿ ಕವುಚಬೇಕು. ನಿಮಿಷ ಕಳೆಯುವುದರೊಳಗೆ ಒಳಗಿನ ಉರಿ ಕುಗ್ಗಿ, ಹೊಗೆಯಾಡಿ ಆರುತ್ತದೆ. ಹೊರಗಿನದು ಉರಿಯುತ್ತಲೇ ಇರುತ್ತದೆ. ತುಪ್ಪದ ಉರಿ ಆಮ್ಲಜನಕವನ್ನು ಹುಟ್ಟಿಸುವುದಾದರೆ, ಅದು ಹೊರಗೆ ಹೋಗಲಾರದ ಜಾಡಿಯೊಳಗೆ ದೀಪ ಇನ್ನೂ ಜೋರಾಗಿ ಉರಿಯಬೇಕಿತ್ತಲ್ಲವೇ? ಆ ಅಜ್ಜಿಯ ನಡುಮನೆ ಕವುಚಿದ ಜಾಡಿಯಂತೆಯೇ ಇತ್ತು. ಜಾಡಿ ಬಿಸಿಯಾಗುವುದರಿಂದ ಬಟ್ಟೆಯಿಂದ ಹಿಡಿಯಿರಿ.

ಇಲ್ಲಿ ಒಂದು ಎಚ್ಚರಿಕೆ. ಕೆಲವರು ತಟ್ಟೆಯಲ್ಲಿ ನೀರು ಹಾಕಿ, ದೀಪ ಆರಿದ ಮೇಲೆ ಜಾಡಿಯೊಳಗೆ ನೀರು ಏರುವುದನ್ನು ತೋರಿಸಿ, ಖರ್ಚಾದ ಆಮ್ಲಜನಕದ ಜಾಗಕ್ಕೆ ನೀರು ಬಂದಿತೆನ್ನುತ್ತಾರೆ. ನೋಡಲು ಚೆನ್ನ, ಆದರೆ ಕಾರಣ ಸರಿಯಲ್ಲ. ಉರಿಯ ಬಿಸಿಗೆ ಹಿಗ್ಗಿದ್ದ ಗಾಳಿ ತಣಿದು ಕುಗ್ಗುವುದರಿಂದಲೇ ನೀರು ಹೆಚ್ಚಾಗಿ ಏರುತ್ತದೆ. ಉರಿ ಆರಿದಾಗಲೂ ಒಳಗೆ ಬಹಳಷ್ಟು ಆಮ್ಲಜನಕ ಉಳಿದೇ ಇರುತ್ತದೆ. ದೀಪಕ್ಕೆ ಸಾಲದಷ್ಟು ಇಳಿದಿರುತ್ತದೆ, ಅಷ್ಟೆ. ಆದ್ದರಿಂದ ನಾವು ನೀರನ್ನು ಬಿಟ್ಟೆವು, “ಆಮ್ಲಜನಕ ಮುಗಿಯಿತು” ಎನ್ನದೆ “ಕಡಿಮೆಯಾಯಿತು” ಎಂದೆವು. ಸುಳ್ಳನ್ನು ತಿದ್ದುವವನ ಮಾತಿನಲ್ಲಿ ಒಂದು ತಪ್ಪು ಸಿಕ್ಕಿದರೆ ಹತ್ತು ಸರಿಯೂ ನೀರುಪಾಲು.

ಕೊನೆಗೆ ವಿಡಿಯೋ ಹೀಗಾಯಿತು. ಮೊದಲು ಉರಿಯುವ ಹಣತೆ, “ಬೆಂಕಿ ಆಮ್ಲಜನಕವನ್ನು ಬಳಸುತ್ತದೆ, ಕೊಡುವುದಿಲ್ಲ” ಎಂಬ ಮಾತು. ಆಮೇಲೆ ಜೋಯಿಸರು. ಅನಂತರ, “ಬೇರೆ ರೀತಿ ಹೇಳುವ ಒಂದು ಸಂದೇಶ ಓಡಾಡುತ್ತಿದೆ, ಅದು ತಪ್ಪು” ಎಂದು ಒಂದೇ ಸಲ, ಹಳೆಯ ತುಣುಕು ತೋರಿಸದೆ. ಬಳಿಕ ಜಾಡಿಯ ಪ್ರಯೋಗ, ನಡುವೆ ಕತ್ತರಿಸದೆ. ಕತ್ತರಿಸಿದರೆ ಕೈಚಳಕವೆಂದು ಅನುಮಾನ ಬರುತ್ತದೆ. ಕಡೆಯಲ್ಲಿ, “ಹೋಮ ಮಾಡುವಾಗ ಬಾಗಿಲು ಕಿಟಕಿ ತೆರೆದಿಡಿ. ಉಸಿರಾಟದ ತೊಂದರೆಯಿದ್ದವರನ್ನು ಹೊಗೆಯಿಂದ ದೂರ ಕೂರಿಸಿ, 108ಕ್ಕೆ ಕರೆ ಮಾಡಿ.” ಸಂಗೀತವಿಲ್ಲ. ಹೊಗೆ ಕ್ರಿಮಿ ಕೊಲ್ಲುವುದೇ ಇಲ್ಲವೇ ಎಂಬ ಪ್ರಶ್ನೆಗೆ ನಾವು ಕೈ ಹಾಕಲಿಲ್ಲ. ಅದು ಬೇರೆ ವಿಷಯ, ಎಂಬತ್ತು ಸೆಕೆಂಡಿಗೆ ಒಂದು ಮಾತೇ ಸಾಕು.

ಡೇರಿಯ ಹತ್ತಿರ ಮತ್ತೆ ಮೂವರಿಗೆ ತೋರಿಸಿದೆ, ಈ ಸಲ ಬೇರೆ ಮೂವರು. ಇಬ್ಬರು ಜಾಡಿಯ ಮಾತನ್ನೇ ಹೇಳಿದರು. ಮೂರನೆಯವರಾದ ಹಿರಿಯ ಗೌಡರು ಮಾತ್ರ, “ಅದೆಲ್ಲ ಸರಿ, ಹೋಮ ಆದ್ಮೇಲೆ ಮೈ ಹಗುರ ಅನ್ಸುತ್ತಲ್ಲ, ಅದ್ಯಾಕೆ?” ಎಂದರು. ಹಗುರವೆನಿಸುವುದು ನಿಜವೇ ಇರಬಹುದು ಗೌಡರೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಅದಕ್ಕೆ ಕಾರಣ ಆಮ್ಲಜನಕವಲ್ಲ ಎಂದೆ. ಆಮೇಲೆ 2021ರ ಮೇ ತಿಂಗಳನ್ನು ನೆನಪಿಸಿದೆ. ಕೋವಿಡ್ ಎರಡನೆಯ ಅಲೆಯಲ್ಲಿ ಟಾಟಾನಗರದಿಂದ ಬೆಂಗಳೂರಿನ ವೈಟ್‌ಫೀಲ್ಡಿಗೆ ದ್ರವರೂಪದ ಆಮ್ಲಜನಕ ಹೊತ್ತ ರೈಲು ಬಂದಿತ್ತು. ಒಂದು ಟನ್ ಎಂದರೆ ಆಸ್ಪತ್ರೆಯ ದೊಡ್ಡ ಸಿಲಿಂಡರು ಸುಮಾರು ನೂರು. ಎರಡು ಚಮಚ ತುಪ್ಪದಲ್ಲಿ ಅಷ್ಟು ಸಿಗುವಂತಿದ್ದರೆ ಅಷ್ಟು ದೂರದ ರೈಲು ಯಾಕೆ ಬೇಕಿತ್ತು? ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ತಂಗಿ ಮಗಂಗೆ ಕಳ್ಸು ಅದನ್ನ, ಅವನೇ ನನಗೆ ಕಳ್ಸಿದ್ದು” ಎಂದರು.

ಸುಳ್ಳು ಹೋದಷ್ಟು ದೂರ ನಮ್ಮ ವಿಡಿಯೋ ಹೋಗಿಲ್ಲ. ಆದರೂ ಸಂದೇಶ ಬಂದ ಗುಂಪುಗಳಿಗೇ, ಅದನ್ನು ಕಳಿಸಿದವರ ಹೆಸರೆತ್ತದೆ, ಹಾಕುತ್ತಿದ್ದೇವೆ. ಆ ಅಜ್ಜಿಯ ಮನೆಯಲ್ಲಿ ಮೊನ್ನೆ ಮೊಮ್ಮಗಳ ನಾಮಕರಣದ ಹೋಮ ಅಂಗಳದಲ್ಲಿ ನಡೆಯಿತು. ಅಜ್ಜಿಯನ್ನು ಗಾಳಿ ಬೀಸಿಬರುವ ಕಡೆಯ ಜಗಲಿಯಲ್ಲಿ, ಹೊಗೆ ತಾಗದಂತೆ ಕೂರಿಸಿದ್ದರು. ನಿಮ್ಮೂರಿನಲ್ಲೂ ಈ ಪ್ರಯೋಗ ತೋರಿಸಬೇಕೆಂದಿದ್ದರೆ ಸಂತೆಯ ದಿನ ತಿಳಿಸಿ. ಜಾಡಿ, ಹಣತೆ ನಾನೇ ತರುತ್ತೇನೆ, ತುಪ್ಪ ಮಾತ್ರ ನಿಮ್ಮದು.