ಹುಡುಕಾಟದ ಉದ್ದೇಶ: ಮಾರ್ಗದರ್ಶಿಯೋ, ಪಟ್ಟಿಯೋ?

2002ರಲ್ಲಿ ಆಂಡ್ರೇ ಬ್ರೋಡರ್ ವೆಬ್ ಹುಡುಕಾಟವನ್ನು ಮೂರು ಬಗೆಯಾಗಿ ವಿಂಗಡಿಸಿದರು: ಮಾಹಿತಿ ಪಡೆಯಲು, ನಿರ್ದಿಷ್ಟ ತಾಣ ತಲುಪಲು, ವ್ಯವಹಾರ ಮುಗಿಸಲು. ಕೊಳ್ಳುವ ಮುನ್ನ ಹೋಲಿಸಿ ನೋಡುವ ನಾಲ್ಕನೆಯ ಬಗೆ ಆಮೇಲೆ ಸೇರಿಕೊಂಡಿತು. ಆದರೆ ಬರಹದ ರೂಪ ಮಾರ್ಗದರ್ಶಿಯೋ ಪಟ್ಟಿಯೋ ಎಂದು ನಿರ್ಧರಿಸಲು ಈ ಹೆಸರುಗಳು ಸಾಲವು. ‘ಮಿಕ್ಸಿ ಜಾರ್ ಸೋರುವುದನ್ನು ಸರಿಪಡಿಸುವುದು ಹೇಗೆ’ ಎಂದು ಹುಡುಕುವವರಿಗೆ ಬ್ಲೇಡ್ ಬಿಚ್ಚಿ, ಹಳೆಯ ವಾಷರ್ ತೆಗೆದು, ಹೊಸದನ್ನು ಕೂರಿಸಿ, ನೀರು ತುಂಬಿ ಪರೀಕ್ಷಿಸುವ ಕ್ರಮ ಬೇಕು. ಹೆಜ್ಜೆ ಹಿಂದುಮುಂದಾದರೆ ಕೆಲಸ ಕೆಡುವುದರಿಂದ ಅಲ್ಲಿ ಮಾರ್ಗದರ್ಶಿಯೇ ಸರಿ. ‘ಮನೆಗೆ ಒಳ್ಳೆಯ ಮಿಕ್ಸಿ’ ಎಂದವರಿಗೆ ವಾಟ್, ಜಾರ್, ಬೆಲೆ ತೂಗಿನೋಡುವ ಪಟ್ಟಿ ಬೇಕು. ಅದರ ಅಂಶಗಳನ್ನು ಅದಲುಬದಲು ಮಾಡಿದರೂ ಅರ್ಥ ಕೆಡದು.

ಹಾಗಾದರೆ ಮಾಹಿತಿ ಎಂದರೆ ಮಾರ್ಗದರ್ಶಿ, ಹೋಲಿಕೆ ಎಂದರೆ ಪಟ್ಟಿ ಎಂದುಬಿಡಬಹುದಲ್ಲ? ಇಲ್ಲ. ‘ಕರ್ನಾಟಕದ ರಾಷ್ಟ್ರೀಯ ಉದ್ಯಾನಗಳು’ ಅಪ್ಪಟ ಮಾಹಿತಿಯ ಹುಡುಕಾಟವಾದರೂ ಬಂಡೀಪುರ, ನಾಗರಹೊಳೆ, ಕುದುರೆಮುಖ ಎಂದು ಸಾಗುವ ಪಟ್ಟಿಯನ್ನೇ ಬೇಡುತ್ತದೆ. ಬರೀ ‘ಮಿಕ್ಸಿ’ ಎಂದು ಹುಡುಕಿದರೆ ಉದ್ದೇಶ ತಿಳಿಯುವುದೆಂತು ಎಂಬ ಆಕ್ಷೇಪ ನ್ಯಾಯವಾದದ್ದೇ. ಆಗ ಫಲಿತಾಂಶದ ಮೊದಲ ಪುಟ ನೋಡಬೇಕು: ಅಲ್ಲಿ ಅಂಗಡಿಗಳೇ ತುಂಬಿದ್ದರೆ, ಎರಡೂ ರೂಪಗಳು ಆ ಪದಕ್ಕೆ ಹೊಂದುವುದಿಲ್ಲ.