ಬಡ್ಡಿ ಹಂಚುವ ಮುನ್ನ ಪುಸ್ತಕ ತಾಳೆ ನೋಡಿ

ಮಾರ್ಚ್ ಕೊನೆ ಬಂತೆಂದರೆ ಮಹಿಳಾ ಸ್ವಸಹಾಯ ಸಂಘಗಳಲ್ಲಿ ಒಂದೇ ಮಾತು: ಈ ಸಲ ಬಡ್ಡಿ ಎಷ್ಟು ಬಂತು, ನಮ್ಮ ಪಾಲು ಎಷ್ಟು? ವರ್ಷವಿಡೀ ಪುಸ್ತಕ ಬರೆಯುವವರನ್ನು ಯಾರೂ ಏನೂ ಕೇಳಿರುವುದಿಲ್ಲ. ಹಂಚುವ ದಿನ ಮಾತ್ರ ಎಲ್ಲರಿಗೂ ಲೆಕ್ಕ ನೆನಪಾಗುತ್ತದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳಲ್ಲಿ 2000-01ರಲ್ಲಿ ಶುರುವಾದ ಸ್ತ್ರೀಶಕ್ತಿ ಯೋಜನೆಯ ಸಂಘಗಳೂ ಇವೆ, ಸಂಜೀವಿನಿ ಒಕ್ಕೂಟದ ಕೆಳಗೆ ಬಂದ ಸಂಘಗಳೂ ಇವೆ. ಯಾವ ಯೋಜನೆಯದ್ದಾದರೂ ಲೆಕ್ಕದ ದಾರಿ ಒಂದೇ.

ಮೊದಲು ಕಾನೂನಿನ ಸ್ಥಿತಿ. ಹತ್ತರಿಂದ ಇಪ್ಪತ್ತು ಮಂದಿಯ ಸ್ವಸಹಾಯ ಸಂಘ ಸಾಮಾನ್ಯವಾಗಿ ನೋಂದಣಿಯಾಗದ ಗುಂಪು. ಸಹಕಾರ ಸಂಘಕ್ಕೋ ಕಂಪನಿಗೋ ಇರುವಂತೆ ಅದಕ್ಕೆ ಪ್ರತ್ಯೇಕ ಕಾನೂನು ವ್ಯಕ್ತಿತ್ವವಿಲ್ಲ. ಹಾಗಾಗಿ ಪುಸ್ತಕ ಹೀಗೇ ಇರಬೇಕು ಎಂದು ವಿಧಿಸುವ ಕಾಯ್ದೆಯನ್ನು ಹುಡುಕಿ ಪ್ರಯೋಜನವಿಲ್ಲ. ಸಂಘದ ನಿಯಮಾವಳಿ ಮತ್ತು ನಡವಳಿ ಪುಸ್ತಕದಲ್ಲಿ ಎಲ್ಲರೂ ಸಹಿ ಹಾಕಿದ ಠರಾವು, ಇವೇ ಸದಸ್ಯೆಯರ ನಡುವಿನ ಒಪ್ಪಂದ. ಬಡ್ಡಿ ದರ, ದಂಡ, ಬಡ್ಡಿ ಹಂಚುವ ರೀತಿ, ಬಿಟ್ಟು ಹೋಗುವವರಿಗೆ ಏನು ಕೊಡಬೇಕು, ಪುಸ್ತಕ ನೋಡುವ ಹಕ್ಕು ಯಾರಿಗೆ ಎಂಬುದೆಲ್ಲ ಅಲ್ಲಿ ಬರೆದಿದ್ದರೆ ಜಗಳವಾದಾಗ ತೋರಿಸಲು ಏನಾದರೂ ಇರುತ್ತದೆ. ಬರೆಯದಿದ್ದರೆ ಜೋರು ಬಾಯಿಯವರದ್ದೇ ನಿಯಮ.

ಒಂದು ಲೆಕ್ಕ ಮಾಡಿ ನೋಡೋಣ. ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ 12 ಮಂದಿಯ ಸಂಘವಿದೆ ಎಂದಿಟ್ಟುಕೊಳ್ಳಿ. ತಿಂಗಳ ಉಳಿತಾಯ 200 ರೂಪಾಯಿ. ಹತ್ತು ಮಂದಿ ಏಪ್ರಿಲ್‌ನಿಂದ ಕಟ್ಟಿದ್ದಾರೆ, ಇಬ್ಬರು ಅಕ್ಟೋಬರ್‌ನಲ್ಲಿ ಸೇರಿದ್ದಾರೆ. ಮಾರ್ಚ್ ಮುಗಿದಾಗ ಹಳಬರ ಉಳಿತಾಯ ತಲಾ 2,400, ಹೊಸಬರದ್ದು ತಲಾ 1,200, ಒಟ್ಟು 26,400. ಒಳಸಾಲದಿಂದ ಕೈಗೆ ಬಂದ ಬಡ್ಡಿ 2,886, ಬ್ಯಾಂಕು ಕೊಟ್ಟ ಬಡ್ಡಿ 60. ಪುಸ್ತಕ, ಬಸ್ ಚಾರ್ಜು ಎಂದು ಖರ್ಚು 480. ಹಂಚಲು ಉಳಿದದ್ದು 2,466 ರೂಪಾಯಿ.

ಹೆಚ್ಚಿನ ಕಡೆ ಇದನ್ನು ಹನ್ನೆರಡರಿಂದ ಭಾಗಿಸಿ ತಲಾ 205 ರೂಪಾಯಿ 50 ಪೈಸೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಆರು ತಿಂಗಳು ಕಟ್ಟಿದವಳಿಗೂ ಹನ್ನೆರಡು ತಿಂಗಳು ಕಟ್ಟಿದವಳಿಗೂ ಒಂದೇ ಪಾಲು. ಕೆಲವರು ಉಳಿತಾಯದ ಮೊತ್ತ ನೋಡಿ ಹಂಚುತ್ತಾರೆ: ಹಳಬರಿಗೆ ಸುಮಾರು 224, ಹೊಸಬರಿಗೆ 112. ಇದು ಮೇಲು, ಆದರೂ ಪೂರ್ತಿ ಸರಿಯಲ್ಲ. ಏಪ್ರಿಲ್‌ನಲ್ಲಿ ಕಟ್ಟಿದ 200 ರೂಪಾಯಿ ಹನ್ನೆರಡು ತಿಂಗಳು ದುಡಿದಿದೆ, ಮಾರ್ಚ್‌ನಲ್ಲಿ ಕಟ್ಟಿದ 200 ಒಂದೇ ತಿಂಗಳು.

ಅದಕ್ಕೆ ಪ್ರತಿ ಕಂತನ್ನೂ ಅದು ಸಂಘದಲ್ಲಿದ್ದ ತಿಂಗಳುಗಳಿಂದ ಗುಣಿಸಬೇಕು. ಹಳಬರಿಗೆ 12, 11, 10 ಹೀಗೆ 1ರ ತನಕ ಕೂಡಿದರೆ 78. ಅದನ್ನು 200ರಿಂದ ಗುಣಿಸಿದರೆ 15,600. ಹೊಸಬರಿಗೆ 6ರಿಂದ 1ರ ತನಕ ಕೂಡಿದರೆ 21, ಅಂದರೆ 4,200. ಹತ್ತು ಮಂದಿಯ 1,56,000ಕ್ಕೆ ಇಬ್ಬರ 8,400 ಸೇರಿಸಿದರೆ 1,64,400. ಹಂಚುವ 2,466ನ್ನು ಇದರಿಂದ ಭಾಗಿಸಿದರೆ ಒಂದೂವರೆ ಪೈಸೆ ಬರುತ್ತದೆ. ಹಳಬರ ಪಾಲು ತಲಾ 234, ಹೊಸಬರದ್ದು ತಲಾ 63. ಒಟ್ಟು ಮತ್ತೆ 2,466. ಯಾರಾದರೂ ಒಂದು ತಿಂಗಳು ತಡವಾಗಿ ಕಟ್ಟಿದ್ದರೆ ಆ ಕಂತಿಗೆ ಒಂದು ತಿಂಗಳು ಕಡಿಮೆ ಹಿಡಿದರಾಯಿತು, ಅದಕ್ಕೆ ಬೇರೆ ತಕರಾರು ಬೇಕಿಲ್ಲ.

ಸಮಪಾಲು ಕಾನೂನುಬಾಹಿರವೇನೂ ಅಲ್ಲ. ಎಲ್ಲರೂ ಒಪ್ಪಿ ವರ್ಷದ ಆರಂಭದಲ್ಲೇ ಠರಾವು ಮಾಡಿದ್ದರೆ ಅದೂ ನಡೆಯುತ್ತದೆ. ಹಣ ಬಂದ ಮೇಲೆ ರೀತಿ ಬದಲಿಸುವುದು ಮಾತ್ರ ಜಗಳಕ್ಕೆ ದಾರಿ.

ಹಂಚಬಾರದ ಹಣವೂ ಇದೆ. ಬರಬೇಕಾಗಿ ಇನ್ನೂ ಬಾರದ ಬಡ್ಡಿ, ಸರ್ಕಾರ ಕೊಟ್ಟ ಸುತ್ತುನಿಧಿ, ಬ್ಯಾಂಕಿಗೆ ಕಟ್ಟಬೇಕಾದ ಕಂತು, ಇವು ಮೂರೂ ಪಾಲಿನ ಲೆಕ್ಕಕ್ಕೆ ಬರಕೂಡದು. ಪಾಲನ್ನು ನಗದಾಗಿ ಕೈಗೆ ಕೊಡಲೇಬೇಕೆಂದೂ ಇಲ್ಲ. ಆಯಾ ಸದಸ್ಯೆಯ ಉಳಿತಾಯ ಖಾತೆಗೆ ಜಮಾ ಮಾಡಿ ಪಾಸ್ ಪುಸ್ತಕದಲ್ಲಿ ಬರೆದುಕೊಟ್ಟರೆ ಸಂಘದ ನಿಧಿ ಕರಗುವುದಿಲ್ಲ. ಬ್ಯಾಂಕು ಸಾಲದ ಮಿತಿ ಕಟ್ಟುವಾಗ ನೋಡುವುದು ಆ ನಿಧಿಯನ್ನೇ.

ಬಡ್ಡಿ ವಸೂಲಿಯಲ್ಲೂ ಒಂದು ಮೋಸ ಅಡಗಿರುತ್ತದೆ, ಅದೂ ಬಹಳ ಸಲ ಯಾರೂ ಬೇಕೆಂದು ಮಾಡಿದ್ದಲ್ಲ. 5,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ, ಹತ್ತು ಕಂತು. ಉಳಿದ ಅಸಲಿನ ಮೇಲೆ ಬಡ್ಡಿ ಹಾಕಿದರೆ ಮೊದಲ ತಿಂಗಳು 100, ಮುಂದೆ 90, 80, ಹೀಗೆ ಕೊನೆಗೆ 10. ಒಟ್ಟು 550. ಪ್ರತಿ ತಿಂಗಳೂ ಪೂರ್ತಿ 5,000ಕ್ಕೆ ಹಾಕಿದರೆ 1,000. ನಡವಳಿಯಲ್ಲಿ ಬರೀ 'ನೂರಕ್ಕೆ ಎರಡು' ಎಂದು ಬರೆದರೆ ಎರಡರಲ್ಲಿ ಯಾವುದು ಎಂದು ಆಮೇಲೆ ಯಾರೂ ಹೇಳಲಾರರು. 'ಉಳಿದ ಅಸಲಿನ ಮೇಲೆ' ಎಂಬ ಮೂರು ಪದ ಸೇರಿಸಿ.

ಈಗ ತಾಳೆ. ಬಡ್ಡಿ ಹಂಚುವ ಮುನ್ನ ಒಂದು ಹಾಳೆಯ ಎಡಕ್ಕೆ ಸಂಘದ ಹಣ ಯಾರದ್ದು ಎಂದು ಬರೆಯಿರಿ, ಬಲಕ್ಕೆ ಆ ಹಣ ಎಲ್ಲಿದೆ ಎಂದು. ನಮ್ಮ ಸಂಘದಲ್ಲಿ ಎಡಕ್ಕೆ ಉಳಿತಾಯ 26,400, ಹಂಚದ ಬಡ್ಡಿ 2,466, ಒಟ್ಟು 28,866. ಸುತ್ತುನಿಧಿ, ಬ್ಯಾಂಕ್ ಸಾಲ ಇದ್ದಿದ್ದರೆ ಅವೂ ಈ ಕಡೆಗೇ ಬರುತ್ತಿದ್ದವು. ಬಲಕ್ಕೆ ಸದಸ್ಯೆಯರ ಮೇಲಿನ ಸಾಲ ಬಾಕಿ 22,500, ಬ್ಯಾಂಕಿನಲ್ಲಿ 5,916, ಕೈಯಲ್ಲಿ ನಗದು 450. ಅದೂ 28,866. ಪುಸ್ತಕ ಸರಿಹೋಯಿತು.

ಸರಿಹೋದ ಪುಸ್ತಕವೂ ತಪ್ಪಿರಬಹುದು. ಹನ್ನೆರಡೂ ಪಾಸ್ ಪುಸ್ತಕಗಳನ್ನು ತರಿಸಿ ಸಾಲ ಬಾಕಿ ಕೂಡಿದಾಗ 21,000 ಬಂತು ಎನ್ನಿ. 1,500 ಎಲ್ಲಿ ಹೋಯಿತು? ಒಬ್ಬಳು ಸಭೆಗೆ ಬಾರದೆ ಪ್ರತಿನಿಧಿಯ ಮನೆಗೆ ಹೋಗಿ ಅಸಲು ಕಟ್ಟಿದ್ದಾಳೆ. 'ಅಕ್ಕಾ, ನಿಮ್ಮ ಕೈಗೇ ಕೊಟ್ಟೆನಲ್ಲ' ಎನ್ನುತ್ತಾಳೆ. ಪಡೆದವರು ಅವಳ ಪಾಸ್ ಪುಸ್ತಕದಲ್ಲಿ ಬರೆದರು, ಸಂಘದ ನಗದು ಪುಸ್ತಕದಲ್ಲಿ ಬರೆಯಲಿಲ್ಲ. ಎರಡೂ ಬದಿಯಿಂದ ಹೊರಗುಳಿದ ಹಣವನ್ನು ಯಾವ ಕೂಡಿಸುವ ಲೆಕ್ಕವೂ ಹಿಡಿಯುವುದಿಲ್ಲ, ಪಾಸ್ ಪುಸ್ತಕ ಒಂದೇ ಹಿಡಿಯುತ್ತದೆ. ಪಡೆದವರು ಹಣ ತಂದುಕೊಟ್ಟರೆ ಬಾಕಿ 21,000ಕ್ಕೆ ಇಳಿದು ನಗದು 1,950 ಆಗುತ್ತದೆ, ಮೊತ್ತ ಮೊದಲಿನಷ್ಟೇ. ಹಾಗಾಗಿ ಪಾಸ್ ಪುಸ್ತಕಗಳನ್ನು ಪ್ರತಿನಿಧಿಯ ಮನೆಯ ಟ್ರಂಕಿನಲ್ಲಿ ಕಟ್ಟಿ ಇಡುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅವು ಆಯಾ ಸದಸ್ಯೆಯ ಮನೆಯಲ್ಲೇ ಇರಬೇಕು.

ಇದು ನ್ಯಾಯಾಲಯದ ತನಕ ಹೋದರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮು (ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ 34) ಹೇಳುವುದಿಷ್ಟು: ವ್ಯವಹಾರದಲ್ಲಿ ಕ್ರಮವಾಗಿ ಬರೆದುಕೊಂಡು ಬಂದ ಲೆಕ್ಕದ ಪುಸ್ತಕ ಸಾಕ್ಷ್ಯಕ್ಕೆ ಬರುತ್ತದೆ, ಆದರೆ ಅದೊಂದರ ಮೇಲೆಯೇ ಯಾರ ಮೇಲೂ ಹೊಣೆ ಹೊರಿಸಲಾಗದು. ಲೆಡ್ಜರ್‌ನಲ್ಲಿ 5,000 ಎಂದು ಬರೆದ ಮಾತ್ರಕ್ಕೆ ಆಕೆ 5,000 ಪಡೆದಳೆಂದು ಆಗಲಿಲ್ಲ. ಸಾಲ ಮಂಜೂರಾದ ಸಭೆಯ ನಡವಳಿ, ಹಣ ಪಡೆದದ್ದಕ್ಕೆ ಆಕೆಯ ಸಹಿ ಇರುವ ವೋಚರ್, ನಗದು ಪುಸ್ತಕ, ಲೆಡ್ಜರ್, ಪಾಸ್ ಪುಸ್ತಕ, ಐದರಲ್ಲೂ ಒಂದೇ ದಿನಾಂಕ, ಒಂದೇ ಮೊತ್ತ ಇದ್ದರೆ ಅಲ್ಲಗಳೆಯುವುದು ಕಷ್ಟ. ಹೆಬ್ಬೆಟ್ಟು ಒತ್ತುವವರಾದರೆ ಓದಿ ಹೇಳಿದವರ ಹೆಸರು, ಸಹಿ ಪಕ್ಕದಲ್ಲಿರಲಿ. ಫೋನಿನ ಆ್ಯಪ್‌ನಲ್ಲಿ ವಿವರ ತುಂಬಿದರೂ ಈ ಸಹಿಗಳನ್ನು ಬಿಡಬೇಡಿ.

ನಡವಳಿ ಹೇಗಿರಬೇಕು ಎಂಬುದಕ್ಕೆ ಜಗಳೂರಿನ ಮಳೆಯಾಶ್ರಿತ ಹಳ್ಳಿಯ ಉದಾಹರಣೆ ಸಾಕು. ಮೆಕ್ಕೆಜೋಳ ಕೈಗೆ ಬರುವ ತನಕ ಕಂತು ಕಟ್ಟಲಾಗದು ಎಂದು ಒಬ್ಬರು ಕೇಳುತ್ತಾರೆ. ಸಭೆ ತಲೆಯಾಡಿಸುತ್ತದೆ, ಬರೆಯುವುದಿಲ್ಲ. ಮೂರು ತಿಂಗಳಾದ ಮೇಲೆ ದಂಡ ಬೀಳುತ್ತದೆ, ಜಗಳ ಏಳುತ್ತದೆ. ಬರೆಯಬೇಕಾದದ್ದು ಇಷ್ಟು: 'ಇವರ ಸಾಲದ ಅಸಲಿನ ಕಂತನ್ನು ಆಗಸ್ಟ್‌ನಿಂದ ಅಕ್ಟೋಬರ್ ತನಕ ಮುಂದೂಡಲಾಗಿದೆ, ಬಡ್ಡಿ ಮಾತ್ರ ಕಟ್ಟುವುದು, ದಂಡವಿಲ್ಲ, ನವೆಂಬರ್‌ನಿಂದ ಕಂತು 500.' ಮೇಲೆ ದಿನಾಂಕ, ಹಾಜರಿದ್ದವರ ಸಂಖ್ಯೆ, ಹಿಂದಿನ ನಗದು. ಕೆಳಗೆ ಈ ದಿನದ ನಗದು, ಅದು ಯಾರ ಬಳಿ ಇದೆ ಎಂಬುದು, ಎಲ್ಲರ ಸಹಿ. ಬರಹಕ್ಕೂ ಸಹಿಗೂ ನಡುವೆ ಖಾಲಿ ಜಾಗ ಬಿಡಬಾರದು. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ, ವೈಟ್ನರ್ ಬೇಡ. ಮೂರು ತಿಂಗಳ ನಡವಳಿ ಒಂದೇ ಪೆನ್ನು, ಒಂದೇ ಓಟದಲ್ಲಿದ್ದರೆ ಅದು ಸಭೆಯಲ್ಲಿ ಬರೆದದ್ದೇ ಎಂದು ಕೇಳಿ. ಖಾಲಿ ಹಾಳೆಗೆ ಸಹಿ ಕೇಳಿದರೆ ಕೊಡಬೇಡಿ. ಆ ಹಾಳೆಯ ಮೇಲೆ ನಾಳೆ ಬ್ಯಾಂಕ್ ಸಾಲದ ಠರಾವು ಬಂದು ಕೂರಬಹುದು.

ನ್ಯಾಮತಿ ಮೊದಲು ಹೊನ್ನಾಳಿ ತಾಲ್ಲೂಕಿಗೇ ಸೇರಿತ್ತು. ಹಳೆಯ ಸಂಘಗಳ ಬ್ಯಾಂಕ್ ಖಾತೆ, ನಿಯಮಾವಳಿಗಳಲ್ಲಿ ಹೊನ್ನಾಳಿ ವಿಳಾಸವೇ ಉಳಿದಿದ್ದರೆ ತಿದ್ದುಪಡಿಗೆ ಒಂದು ಠರಾವು ಮಾಡಿ ಪ್ರತಿಯನ್ನು ಬ್ಯಾಂಕಿಗೆ ಕೊಡಿ. ಅಂದಹಾಗೆ, ಸಂಘದ ಉಳಿತಾಯ ಖಾತೆ ತೆರೆಯುವಾಗ ಪದಾಧಿಕಾರಿಗಳ ಕೆವೈಸಿ ಸಾಕು ಎಂಬುದು ರಿಸರ್ವ್ ಬ್ಯಾಂಕಿನ ನಿರ್ದೇಶನ. ಎಲ್ಲ ಸದಸ್ಯೆಯರದ್ದನ್ನು ಸಾಲ ಕೊಡುವ ಹಂತದಲ್ಲಿ ಕೇಳಬಹುದು.

ಸಾಲ ವಸೂಲಿಯ ದಾವೆಗೆ ಸಾಮಾನ್ಯವಾಗಿ 3 ವರ್ಷದ ಕಾಲಮಿತಿ. ಅದು ಮುಗಿಯುವ ಮೊದಲು ಸಾಲಗಾರ್ತಿ ಬಾಕಿಯನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿದರೆ ಆ ದಿನದಿಂದ ಹೊಸದಾಗಿ 3 ವರ್ಷ ಸಿಗುತ್ತದೆ. ಪ್ರತಿ ಮಾರ್ಚ್ 31ಕ್ಕೆ ಬಾಕಿ ಪಟ್ಟಿ ಓದಿ, ಪ್ರತಿಯೊಬ್ಬರಿಂದ 'ನನ್ನ ಬಾಕಿ ಇಷ್ಟು, ಒಪ್ಪಿದ್ದೇನೆ' ಎಂದು ಸಹಿ ಪಡೆಯುವುದು ಇದಕ್ಕಾಗಿ. ಸಂಘದ ಹಣವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನಡಿ ಅದು ಅಪರಾಧ. ಆದರೆ ಬರೆಯಲು ಮರೆತದ್ದಕ್ಕೂ ನುಂಗಿದ್ದಕ್ಕೂ ವ್ಯತ್ಯಾಸವಿದೆ, ಠಾಣೆಗೆ ಓಡುವ ಮುನ್ನ ಸಭೆಯಲ್ಲಿ ಲಿಖಿತ ವಿವರಣೆ ಕೇಳಿ.

ಅಲ್ಲಿ ಬಗೆಹರಿಯದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ, ಸಹಾಯವಾಣಿ 15100. ದಾವೆ ಹೂಡುವ ಮೊದಲೇ ವ್ಯಾಜ್ಯವನ್ನು ಲೋಕ ಅದಾಲತ್ ಮುಂದೆ ಇಡಬಹುದು, ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಸಂಘದ ಪರವಾಗಿ ಹೋಗುವವರು ಯಾರು ಎಂದು ಠರಾವು ಮಾಡಿ, ನಡವಳಿ, ವೋಚರ್, ಪಾಸ್ ಪುಸ್ತಕಗಳ ನಕಲು ತೆಗೆದುಕೊಂಡು ಹೋಗಿ. ಮೂಲ ಪುಸ್ತಕವನ್ನು ಯಾರ ಕೈಗಾದರೂ ಕೊಡಲೇಬೇಕಾಗಿ ಬಂದರೆ ಪುಟಗಳ ಸಂಖ್ಯೆ ನಮೂದಿಸಿ ಸ್ವೀಕೃತಿ ಬರೆಸಿಕೊಳ್ಳಿ.