ಟಾರ್ಚ್ ಉರಿಯಲು ಎಷ್ಟು ಅನುಮತಿ ಬೇಕು?

ನೆಂಟರಿಷ್ಟರು ಹೊಸ ಫೋನು ಕೊಂಡರೆ ಒಮ್ಮೆ ನನ್ನ ಕೈಗೆ ಕೊಡುವುದು ನಮ್ಮಲ್ಲಿ ರೂಢಿಯಾಗಿದೆ. ಅದರಲ್ಲಿ ಯಾವ ಆ್ಯಪ್‌ಗೆ ಏನೇನು ಅನುಮತಿ ಸಿಕ್ಕಿದೆ ಎಂದು ನೋಡುವಾಗ ನಾನು ಮೊದಲು ತೆರೆಯುವುದು ಬ್ಯಾಂಕಿನ ಆ್ಯಪನ್ನಲ್ಲ, ಟಾರ್ಚು ಮತ್ತು ಕ್ಯಾಲ್ಕುಲೇಟರುಗಳನ್ನು. ಬ್ಯಾಂಕಿನ ಆ್ಯಪ್ ಕೇಳುವ ಹತ್ತು ಅನುಮತಿಗಳಲ್ಲಿ ಯಾವುದು ಸರಿ, ಯಾವುದು ಅತಿ ಎಂದು ಹೇಳುವುದು ಸುಲಭವಲ್ಲ. ಟಾರ್ಚಿನ ಕೆಲಸ ಒಂದೇ, ದೀಪ ಹಚ್ಚುವುದು ಮತ್ತು ಆರಿಸುವುದು. ಅಷ್ಟಕ್ಕೆ ಫೋನಿನ ಯಾವ ಭಾಗ ಬೇಕು ಎಂದು ಯಾರು ಬೇಕಾದರೂ ಯೋಚಿಸಬಹುದು. ಅನುಮತಿಗಳನ್ನು ಓದುವ ಅಭ್ಯಾಸ ನನಗೆ ಬಂದದ್ದು ಹೀಗೆ.

ಟಾರ್ಚ್ ಆ್ಯಪ್ ಕ್ಯಾಮೆರಾ ಕೇಳಿದರೆ ಅನೇಕರು ಸಹಜ ಎಂದುಕೊಳ್ಳುತ್ತಾರೆ, ಏಕೆಂದರೆ ಬೆಳಕು ಬರುವುದು ಕ್ಯಾಮೆರಾದ ಪಕ್ಕದ ಫ್ಲ್ಯಾಶ್‌ನಿಂದ. ಹಿಂದೆ ಅದು ನಿಜವೂ ಆಗಿತ್ತು. ಹಳೆಯ ಆಂಡ್ರಾಯ್ಡ್‌ನಲ್ಲಿ ಫ್ಲ್ಯಾಶ್ ಹಚ್ಚಬೇಕಾದರೆ ಆ್ಯಪ್ ಇಡೀ ಕ್ಯಾಮೆರಾವನ್ನೇ ತೆರೆಯಬೇಕಿತ್ತು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಲ್ಲಿ ದೀಪವನ್ನು ಮಾತ್ರ ಹಚ್ಚುವ ಬೇರೆ ದಾರಿ ಮಾಡಿಕೊಟ್ಟರು. ಅದಕ್ಕೆ ಕ್ಯಾಮೆರಾದ ಅನುಮತಿ ಬೇಕಾಗಿಲ್ಲ. ಹಾಗಾಗಿ ಇಂದಿನ ಫೋನಿನಲ್ಲಿ ಟಾರ್ಚ್ ಆ್ಯಪ್ ಕ್ಯಾಮೆರಾ ಕೇಳಿದರೆ ಅದರ ಒಳಗೆ ಹಳೆಯ ಪದ್ಧತಿ ಉಳಿದಿರಬಹುದು, ಬೇರೆ ಉದ್ದೇಶವೂ ಇರಬಹುದು. ನಾನು ‘ಬೇಡ’ ಎಂದು ಒತ್ತಿ ನೋಡುತ್ತೇನೆ. ದೀಪ ಹತ್ತಿದರೆ ಆ ಅನುಮತಿ ಬೇಕಿರಲಿಲ್ಲ ಎಂದು ಗೊತ್ತಾಯಿತು. ಹತ್ತದಿದ್ದರೆ ಆ ಆ್ಯಪೇ ನಮಗೆ ಬೇಕಿಲ್ಲ, ಏಕೆಂದರೆ ಪರದೆಯನ್ನು ಮೇಲಿನಿಂದ ಕೆಳಗೆಳೆದರೆ ಫೋನಿನದೇ ಟಾರ್ಚ್ ಸಿಗುತ್ತದೆ.

ಎಲ್ಲ ಪ್ರಕರಣವೂ ಇಷ್ಟು ನೇರವಾಗಿರುವುದಿಲ್ಲ ಎಂದು ತಿಳಿದದ್ದು ಶಿರಸಿ ಕಡೆಯ ನಮ್ಮ ಚಿಕ್ಕಪ್ಪನ ಫೋನಿನಿಂದ. ಅವರಿಗೆ ಕಿವಿ ಸ್ವಲ್ಪ ಮಂದ. ಅಡಿಕೆ ತೋಟದಲ್ಲಿ ಕೆಲಸ ಮಾಡುವಾಗ ಫೋನು ರಿಂಗಾದರೆ ಕೇಳುವುದಿಲ್ಲವೆಂದು, ಕರೆ ಬಂದಾಗ ಫ್ಲ್ಯಾಶ್ ಮಿನುಗಿಸುವ ಒಂದು ಟಾರ್ಚ್ ಆ್ಯಪ್ ಹಾಕಿಸಿಕೊಂಡಿದ್ದರು. “ಇದು ನನ್ನ ಫೋನಿಂದ ಕಾಲ್ ಮಾಡ್ತೆ ಅಂತ ಕೇಳ್ತದಲ್ಲ ಮಾರಾಯ, ಇಟ್ಕೊಳ್ಳೋದಾ ಬೇಡ್ವಾ?” ಎಂದು ನನ್ನ ಮುಂದೆ ಹಿಡಿದರು. ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್ ತೆರೆದು ಅನುಮತಿಗಳ ಪುಟಕ್ಕೆ ಹೋದೆ. ಫೋನ್, ಕಾಲ್ ಲಾಗ್, ಲೊಕೇಶನ್, ಮೂರನ್ನೂ ಕೊಡಲಾಗಿತ್ತು.

ಮೊದಲು ಫೋನ್ ಅನುಮತಿ. ಕೇಳುವಾಗ ಪರದೆಯ ಮೇಲೆ ‘make and manage phone calls’ ಎಂದು ಬರುತ್ತದೆ, ಓದಿದವರಿಗೆ ಹೆದರಿಕೆಯಾಗುತ್ತದೆ. ಆದರೆ ಅದು ಒಂದು ಇಡೀ ಗುಂಪಿನ ಹೆಸರು. ಗುಂಪಿನೊಳಗೆ ಈ ಆ್ಯಪ್ ಏನು ಕೇಳಿದೆ ಎಂಬುದು ಅನುಮತಿಗಳ ಪುಟದ ಮೇಲಿರುವ ಮೂರು ಚುಕ್ಕಿ ಒತ್ತಿ All permissions ತೆರೆದರೆ ಕಾಣುತ್ತದೆ. ಅಲ್ಲಿದ್ದದ್ದು ‘read phone status and identity’ ಮಾತ್ರ. ಕರೆ ಬರುತ್ತಿದೆಯೇ ಎಂದು ತಿಳಿಯಲು ಅಷ್ಟು ಬೇಕು, ಆದ್ದರಿಂದ ಅದು ಸರಿ. ಅಲ್ಲಿ ‘directly call phone numbers’ ಎಂದಿದ್ದರೆ ನಾನು ಒಪ್ಪುತ್ತಿರಲಿಲ್ಲ. ದೀಪ ಮಿನುಗಿಸುವವನು ಯಾರಿಗೂ ಕರೆ ಮಾಡಬೇಕಾಗಿಲ್ಲ.

ಕಾಲ್ ಲಾಗ್‌ನ ಲೆಕ್ಕ ಬೇರೆ. ಕರೆ ಬಂತು ಎಂದು ತಿಳಿಯುವುದು ಒಂದು, ಯಾರ ನಂಬರಿನಿಂದ ಬಂತು ಎಂದು ತಿಳಿಯುವುದು ಇನ್ನೊಂದು. ಆಂಡ್ರಾಯ್ಡ್ 9ರಿಂದ ಈಚೆಗೆ ನಂಬರು ಬೇಕಾದ ಆ್ಯಪ್ ಕಾಲ್ ಲಾಗನ್ನೂ ಕೇಳಬೇಕು. ಯಾರೇ ಕರೆದರೂ ದೀಪ ಒಂದೇ ತರಹ ಮಿನುಗುವಾಗ ನಂಬರು ಯಾಕೆ? ತೆಗೆದೆ. ನನ್ನ ಫೋನಿನಿಂದ ಅವರಿಗೆ ಕರೆ ಮಾಡಿದೆ, ದೀಪ ಮಿನುಗಿತು.

ಲೊಕೇಶನ್‌ಗೆ ಆ್ಯಪ್ ಕೊಟ್ಟಿದ್ದ ಕಾರಣ, ಅದರೊಳಗೊಂದು ದಿಕ್ಸೂಚಿ ಇದೆ ಎಂಬುದು. ಕೇಳಲು ಒಪ್ಪುವಂತಿದೆ. ಆದರೆ ಉತ್ತರ ದಿಕ್ಕು ತೋರಿಸುವುದು ಫೋನಿನೊಳಗಿನ ಕಾಂತ ಸಂವೇದಕ, ಅದನ್ನು ಓದಲು ಯಾವ ಅನುಮತಿಯೂ ಬೇಡ. ಕಾಂತದ ಉತ್ತರಕ್ಕೂ ಭೂಮಿಯ ನಿಜವಾದ ಉತ್ತರಕ್ಕೂ ಇರುವ ಅಂತರ ಸರಿಪಡಿಸಲು ಮಾತ್ರ ಸ್ಥಳ ಗೊತ್ತಿರಬೇಕು. ತೋಟಕ್ಕೆ ಹೋಗಿಬರುವವರಿಗೆ ಆ ಸೂಕ್ಷ್ಮ ಬೇಕಿಲ್ಲ. ಅದನ್ನೂ ತೆಗೆದೆ.

ಇಲ್ಲಿಗೆ ಮುಗಿಯಲಿಲ್ಲ. ಅದೇ All permissions ಪಟ್ಟಿಯ ಕೆಳಗೆ ‘have full network access’ ಎಂಬ ಸಾಲಿತ್ತು. ಇಂಟರ್ನೆಟ್ಟನ್ನು ಆಂಡ್ರಾಯ್ಡ್ ಯಾವತ್ತೂ ನಮ್ಮನ್ನು ಕೇಳಿ ಕೊಡುವುದಿಲ್ಲ. ಆ್ಯಪ್ ಹಾಕಿಕೊಂಡ ಕ್ಷಣವೇ ಅದು ಸಿಗುತ್ತದೆ, ಸಾಮಾನ್ಯ ಫೋನಿನ ಅನುಮತಿ ಪುಟದಲ್ಲಿ ಅದನ್ನು ತೆಗೆಯುವ ಗುಂಡಿಯೂ ಇಲ್ಲ. ಜಾಹೀರಾತು ತೋರಿಸುವ ಆ್ಯಪ್‌ಗಳೆಲ್ಲ ಅದನ್ನು ಇಟ್ಟುಕೊಂಡಿರುತ್ತವೆ, ಅದೊಂದರಿಂದಲೇ ಅನುಮಾನ ಪಡಬೇಕಿಲ್ಲ. ಆದರೆ ಪಟ್ಟಿ ಓದುವ ಕ್ರಮ ನನಗೆ ಬದಲಾದದ್ದು ಈ ಸಾಲಿನಿಂದ. ಒಂದೊಂದು ಅನುಮತಿಯನ್ನೂ ನಾನೀಗ ಇಂಟರ್ನೆಟ್ಟಿನ ಜೊತೆಗಿಟ್ಟೇ ಓದುತ್ತೇನೆ. ಲೊಕೇಶನ್ ಇದ್ದು ಇಂಟರ್ನೆಟ್ ಇಲ್ಲದಿದ್ದರೆ ಆ ಮಾಹಿತಿ ಆ್ಯಪ್‌ನಿಂದ ನೇರವಾಗಿ ಹೊರಗೆ ಹೋಗಲಾರದು. ಎರಡೂ ಇದ್ದರೆ ಹೋಗಬಹುದು, ಹೋದದ್ದು ನಮಗೆ ಕಾಣುವುದಿಲ್ಲ.

ಹೋಗಿದ್ದಕ್ಕೆ ದಾಖಲೆಯಿದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2013ರ ಡಿಸೆಂಬರಿನಲ್ಲಿ ‘ಬ್ರೈಟೆಸ್ಟ್ ಫ್ಲ್ಯಾಶ್‌ಲೈಟ್’ ಎಂಬ ಉಚಿತ ಟಾರ್ಚ್ ಆ್ಯಪ್ ಬಗ್ಗೆ ಮಾಡಿದ ಆರೋಪ ಇದೇ: ಬಳಕೆದಾರರ ನಿಖರ ಸ್ಥಳ ಮತ್ತು ಫೋನಿನ ಗುರುತನ್ನು ಅದು ಜಾಹೀರಾತು ಜಾಲಗಳಿಗೆ ಕಳಿಸುತ್ತಿತ್ತು. ಷರತ್ತುಗಳನ್ನು ಒಪ್ಪುವ ಅಥವಾ ನಿರಾಕರಿಸುವ ಗುಂಡಿಯನ್ನು ಜನ ಒತ್ತುವ ಮೊದಲೇ ಮಾಹಿತಿ ಹೊರಡುತ್ತಿತ್ತು. ಆ್ಯಪ್ ತನ್ನ ಪರದೆಯಲ್ಲಿ ತೋರಿಸುವ ‘ಒಪ್ಪುವುದಿಲ್ಲ’ ಗುಂಡಿಯನ್ನು ನಂಬುವುದಕ್ಕಿಂತ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಅನುಮತಿ ತೆಗೆಯುವುದು ಮೇಲು ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಚಿಕ್ಕಪ್ಪನ ಆ್ಯಪ್ ಇನ್ನೊಂದನ್ನು ಕೇಳುತ್ತಿತ್ತು, ಅವರು ಪುಣ್ಯಕ್ಕೆ ಕೊಟ್ಟಿರಲಿಲ್ಲ. ಮೆಸೇಜು ಬಂದಾಗಲೂ ದೀಪ ಮಿನುಗಬೇಕಾದರೆ ನೋಟಿಫಿಕೇಶನ್ ಓದುವ ಅನುಮತಿ ಕೊಡಿ ಎಂದು. ಇದು ಸಾಮಾನ್ಯ ಅನುಮತಿಗಳ ಪುಟದಲ್ಲಿ ಇರುವುದಿಲ್ಲ, ಸೆಟ್ಟಿಂಗ್ಸ್‌ನ Special app access ಎಂಬ ಬೇರೆ ಭಾಗದಲ್ಲಿರುತ್ತದೆ. ಕೊಟ್ಟರೆ ಆ್ಯಪ್‌ಗೆ ‘ಮೆಸೇಜು ಬಂತು’ ಎಂಬುದಷ್ಟೇ ಅಲ್ಲ, ನೋಟಿಫಿಕೇಶನ್ನಿನಲ್ಲಿ ಬಂದ ಬರಹವೂ ಸಿಗುತ್ತದೆ. ಬಹಳಷ್ಟು ಫೋನುಗಳಲ್ಲಿ ಬ್ಯಾಂಕಿನ ಒಟಿಪಿ ಬರುವುದೂ ಅಲ್ಲಿಯೇ. ಮಿನುಗುವ ದೀಪಕ್ಕೆ ಇದು ತೀರಾ ದುಬಾರಿ. ಆಂಡ್ರಾಯ್ಡ್ 14ರಿಂದ ಫ್ಲ್ಯಾಶ್ ಮಿನುಗಿಸುವ ಸೌಲಭ್ಯ ಫೋನಿನ Accessibility ಭಾಗದಲ್ಲೇ ‘Flash notifications’ ಎಂದು ಸಿಗುತ್ತದೆ. ಅಂಥ ಫೋನಿದ್ದವರಿಗೆ ಹೊರಗಿನ ಆ್ಯಪೇ ಬೇಡ.

ಕ್ಯಾಲ್ಕುಲೇಟರಿಗೂ ಇದೇ ಕ್ರಮ, ಇನ್ನೂ ಸುಲಭ. ಕೂಡಿ ಕಳೆಯುವುದಕ್ಕೆ ಯಾವ ಅನುಮತಿಯೂ ಬೇಡ. ಪುಸ್ತಕದ ಲೆಕ್ಕದ ಫೋಟೋ ಹಿಡಿದು ಬಿಡಿಸುವ ಆ್ಯಪ್‌ಗೆ ಕ್ಯಾಮೆರಾ ಬೇಕು, ಡಾಲರಿನ ಇಂದಿನ ದರ ಹೇಳುವುದಕ್ಕೆ ಇಂಟರ್ನೆಟ್ ಬೇಕು. ಕಾಂಟ್ಯಾಕ್ಟ್ಸ್ ಅಥವಾ ಎಸ್ಸೆಮ್ಮೆಸ್ ಯಾವ ಕ್ಯಾಲ್ಕುಲೇಟರಿಗೂ ಬೇಡ. ಕ್ಯಾಲ್ಕುಲೇಟರಿನ ವೇಷದಲ್ಲಿ ಫೋಟೋಗಳನ್ನು ಬಚ್ಚಿಡುವ ಆ್ಯಪ್‌ಗಳೂ ಇವೆ. ಅವು ಫೋಟೋಗಳಿಗೆ ಪ್ರವೇಶ ಕೇಳುವುದು ಆ ಕೆಲಸಕ್ಕಾಗಿಯೇ. ಮಕ್ಕಳ ಫೋನಿನಲ್ಲಿ ಫೋಟೋ ಕೇಳುವ ಕ್ಯಾಲ್ಕುಲೇಟರ್ ಕಂಡರೆ ಅದು ಯಾವುದೆಂದು ಕೇಳಿ ತಿಳಿದುಕೊಳ್ಳಬೇಕು.

ಒಂದು ಮಿತಿಯನ್ನು ಮಾತ್ರ ಮರೆಯಬಾರದು. ಇಂದು ಅನುಮತಿ ತೆಗೆದರೆ ಇಂದಿನಿಂದ ಮುಂದಕ್ಕೆ ಬಾಗಿಲು ಮುಚ್ಚುತ್ತದೆ, ನಿನ್ನೆಯೇ ಹೊರಗೆ ಹೋದ ಮಾಹಿತಿ ಹಿಂದಕ್ಕೆ ಬರುವುದಿಲ್ಲ. ಆದ್ದರಿಂದ ಹಾಕಿಕೊಳ್ಳುವ ಮೊದಲೇ ನೋಡುವುದು ಒಳ್ಳೆಯದು. ಪ್ಲೇ ಸ್ಟೋರ್‌ನಲ್ಲಿ ಆ್ಯಪಿನ About this app ತೆರೆದು ಕೊನೆಗೆ ಹೋದರೆ App permissions ಇರುತ್ತದೆ. ಪೂರ್ತಿ ಪಟ್ಟಿ, ಕೇಳದೆ ಸಿಗುವ ಇಂಟರ್ನೆಟ್ ಸಮೇತ, ಅಲ್ಲಿಯೇ ಇದೆ. ಟಾರ್ಚಿಗಾದರೆ ಆ ಪಟ್ಟಿ ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು.